ಕುದಿಯುವ ಬಿಂದುವೂ ಬಾಷ್ಪದ ಒತ್ತಡವೂ: ಸಕ್ಕರೆಯ ನಿರ್ವಾತ ಪಾತ್ರೆಯ ಲೆಕ್ಕ

ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಮೊದಲು ಕುದಿಯತೊಡಗುವುದು ನೂರು ಡಿಗ್ರಿಯ ಆಸುಪಾಸಿನಲ್ಲಿ. ನೀರು ಆವಿಯಾಗಿ ಹೋದಂತೆ ರಸ ಗಟ್ಟಿಯಾಗುತ್ತದೆ, ಉಷ್ಣತೆಯೂ ಮೇಲಕ್ಕೇರುತ್ತದೆ. ಅಚ್ಚಿಗೆ ಹುಯ್ಯುವ ಪಾಕ ಬರುವ ಹೊತ್ತಿಗೆ ಅದು 115ರಿಂದ 118 ಡಿಗ್ರಿ ಸೆಲ್ಸಿಯಸ್ ತಲಪಿರುತ್ತದೆ. ಬೆಲ್ಲಕ್ಕೆ ಈ ಕಾವು ಬೇಕು. ಅದರ ಬಣ್ಣವೂ ಪರಿಮಳವೂ ಬಹುಮಟ್ಟಿಗೆ ಈ ಕಾವಿನಿಂದಲೇ ಹುಟ್ಟುತ್ತವೆ. ಆದರೆ ಹರಳುಹರಳಾದ ಬಿಳಿಯ ಸಕ್ಕರೆಯನ್ನು ಬಯಸುವವನಿಗೆ ಇದೇ ಕಾವು ಶತ್ರು. ಅಷ್ಟು ಬಿಸಿಯಲ್ಲಿ ಸುಕ್ರೋಸ್ ಕಂದುಗಟ್ಟುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ರಸದಲ್ಲಿ ತುಸು ಹುಳಿಯಿದ್ದರೂ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗುತ್ತದೆ. ಒಡೆದ ಸಕ್ಕರೆ ಹರಳಾಗದು, ಕಾಕಂಬಿಯೊಡನೆ ಹರಿದುಹೋಗುತ್ತದೆ. ಕಾರ್ಖಾನೆಗಳು ಕೆಲಸ ಮಾಡುವ ಉಷ್ಣತೆಯಲ್ಲಿ ಈ ಒಡೆಯುವಿಕೆಯ ವೇಗವು ಪ್ರತಿ ಹತ್ತು ಡಿಗ್ರಿಗೆ ಸುಮಾರು ಮೂರು ಪಟ್ಟಾಗುತ್ತದೆ.

ಹಾಗಾದರೆ ನೀರನ್ನು ಓಡಿಸಬೇಕು, ಕಾವನ್ನು ಮಾತ್ರ ಏರಗೊಡಬಾರದು. ಮೇಲುನೋಟಕ್ಕೆ ಪರಸ್ಪರ ವಿರುದ್ಧವೆನಿಸುವ ಈ ಎರಡು ಬೇಡಿಕೆಗಳನ್ನು ಒಂದುಗೂಡಿಸಿದವನು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಎಡ್ವರ್ಡ್ ಚಾರ್ಲ್ಸ್ ಹೋವರ್ಡ್. ಮುಚ್ಚಿದ ಪಾತ್ರೆಯಿಂದ ಗಾಳಿಯನ್ನು ಪಂಪಿನಿಂದ ಹೊರಸೆಳೆದು, ಕಡಿಮೆ ಒತ್ತಡದಲ್ಲಿ ಪಾಕವನ್ನು ಕುದಿಸುವ ವಿಧಾನಕ್ಕೆ ಅವನು 1812-13ರಲ್ಲಿ ಹಕ್ಕುಪತ್ರ ಪಡೆದನು. ಅಂದಿನಿಂದ ಇಂದಿನವರೆಗೆ ಸಕ್ಕರೆ ಕಾರ್ಖಾನೆಯ ಹೃದಯಸ್ಥಾನದಲ್ಲಿರುವುದು ಈ ನಿರ್ವಾತ ಪಾತ್ರೆಯೇ. ಕೆಲಸಗಾರರ ಮಾತಿನಲ್ಲಿ ‘ಪ್ಯಾನ್’. ಇದರಲ್ಲೊಂದು ಸ್ವಾರಸ್ಯವಿದೆ. ಒತ್ತಡ ಇಷ್ಟಾದರೆ ಕುದಿಬಿಂದು ಎಷ್ಟೆಂದು ಹೇಳುವ ಸಿದ್ಧಾಂತ ಹೋವರ್ಡನ ಕೈಯಲ್ಲಿರಲಿಲ್ಲ. ಅದರ ಬೀಜವನ್ನು ಫ್ರಾನ್ಸಿನ ಕ್ಲಾಪೆರಾನ್ ಬಿತ್ತಿದ್ದು 1834ರಲ್ಲಿ. ಜರ್ಮನಿಯ ಕ್ಲೌಸಿಯಸ್ ಅದಕ್ಕೆ ಉಪಯೋಗಕ್ಕೆ ಬರುವ ರೂಪ ಕೊಟ್ಟಿದ್ದು 1850ರಲ್ಲಿ. ಪಾತ್ರೆ ಮೊದಲು ಬಂದಿತು, ಸೂತ್ರ ಆಮೇಲೆ.

ದ್ರವದ ಮೇಲ್ಮೈಯಿಂದ ಅಣುಗಳು ಸದಾ ತಪ್ಪಿಸಿಕೊಂಡು ಹೋಗುತ್ತಿರುತ್ತವೆ. ಆವಿಯಲ್ಲಿರುವ ಅಣುಗಳು ಸದಾ ಮರಳಿ ಬಂದು ಸೇರುತ್ತಿರುತ್ತವೆ. ಮುಚ್ಚಿದ ಪಾತ್ರೆಯಲ್ಲಿ ಹೋಗುವುದೂ ಬರುವುದೂ ಸಮವಾದಾಗ ಆವಿಯು ತೋರುವ ಒತ್ತಡವೇ ಆ ಉಷ್ಣತೆಯಲ್ಲಿನ ಬಾಷ್ಪ ಒತ್ತಡ. ಈ ಒತ್ತಡವು ಹೊರಗಿನ ಒತ್ತಡಕ್ಕೆ ಸಮನಾದ ಕ್ಷಣದಲ್ಲಿ ದ್ರವದ ಒಡಲಿನೊಳಗೇ ಗುಳ್ಳೆಗಳು ನಿಲ್ಲಬಲ್ಲವು, ಅದೇ ಕುದಿಯುವಿಕೆ. ಆದುದರಿಂದ ‘ನೀರು ನೂರು ಡಿಗ್ರಿಯಲ್ಲಿ ಕುದಿಯುತ್ತದೆ’ ಎಂಬುದು ಅರ್ಧ ವಾಕ್ಯ. ‘ಪಾದರಸದ 760 ಮಿಲಿಮೀಟರು ಒತ್ತಡದಲ್ಲಿ’ ಎಂದು ಸೇರಿಸಿದರೆ ಮಾತ್ರ ಅದು ಪೂರ್ಣವಾಗುತ್ತದೆ. ದುಂಡುತಳದ ಗಾಜಿನ ಬುರುಡೆಯಲ್ಲಿ ನೀರು ಕುದಿಸಿ, ಆವಿಯು ಗಾಳಿಯನ್ನೆಲ್ಲ ಹೊರದೂಡಿದ ಮೇಲೆ ಉರಿಯಿಂದ ಇಳಿಸಿ ಬಿರಡೆ ಬಿಗಿದು, ತಲೆಕೆಳಗು ಮಾಡಿ ಮೇಲೆ ತಣ್ಣೀರು ಸುರಿದರೆ, ಆರುತ್ತಿದ್ದ ನೀರು ಮತ್ತೆ ಕುದಿಯತೊಡಗುತ್ತದೆ. ತಣ್ಣೀರು ಒಳಗಿನ ಆವಿಯನ್ನು ನೀರಾಗಿಸಿ ಒತ್ತಡ ಇಳಿಸಿದ್ದೇ ಇದಕ್ಕೆ ಕಾರಣ. ತರಗತಿಯಲ್ಲಿ ಇದನ್ನು ತೋರಿಸುವ ಅಧ್ಯಾಪಕರು ಚಪ್ಪಟೆ ತಳದ ಬುರುಡೆಯನ್ನು ಬಳಸಬಾರದು. ಹೊರಗಿನ ಗಾಳಿಯ ಭಾರಕ್ಕೆ ಅದು ಒಡೆದೀತು. ಕಾರ್ಖಾನೆಯ ಪ್ಯಾನ್ ಇದೇ ಬುರುಡೆಯ ದೊಡ್ಡ ರೂಪ. ಪ್ಯಾನಿನಿಂದ ಹೊರಟ ಆವಿಯನ್ನು ತಣ್ಣೀರಿನ ಧಾರೆಯಿಂದ ನೀರಾಗಿಸುವ ಭಾಗಕ್ಕೆ ಕಂಡೆನ್ಸರ್ ಎಂದು ಹೆಸರು. ಉಳಿದ ಗಾಳಿಯನ್ನು ಎಳೆದು ಹಾಕುವುದು ಪಂಪಿನ ಕೆಲಸ.

ಒಂದು ಅಣುವು ದ್ರವದ ಹಿಡಿತದಿಂದ ಬಿಡಿಸಿಕೊಳ್ಳಲು ಶಕ್ತಿ ಬೇಕು. ಒಂದು ಮೋಲ್, ಎಂದರೆ 18 ಗ್ರಾಂ ನೀರು, 100 ಡಿಗ್ರಿಯಲ್ಲಿ ಆವಿಯಾಗಲು 40,660 ಜೂಲ್ ಬೇಕಾಗುತ್ತದೆ. ಇದಕ್ಕೆ ಬಾಷ್ಪೀಕರಣದ ಎಂಥಾಲ್ಪಿ ಎಂದು ಹೆಸರು. ಹಳೆಯ ಪುಸ್ತಕಗಳ ಗುಪ್ತೋಷ್ಣವೇ ಇದು. ಅಷ್ಟು ಶಕ್ತಿಯುಳ್ಳ ಅಣುಗಳ ಪಾಲು ಉಷ್ಣತೆಯೊಡನೆ ಬಲು ಬೇಗ ಹೆಚ್ಚುತ್ತದೆ. ಹೀಗಾಗಿ ಬಾಷ್ಪ ಒತ್ತಡವು ಉಷ್ಣತೆಗೆ ನೇರ ಅನುಪಾತದಲ್ಲಿ ಏರದೆ, ಪ್ರತಿ ಡಿಗ್ರಿಗೂ ತನ್ನದೇ ಒಂದು ಅಂಶದಷ್ಟು ಬೆಳೆಯುತ್ತದೆ, ಚಕ್ರಬಡ್ಡಿಯ ಸಾಲದಂತೆ. ಆವಿಯನ್ನು ಆದರ್ಶ ಅನಿಲವೆಂದೂ, ಆವಿಯ ಮುಂದೆ ದ್ರವದ ಗಾತ್ರ ಗಣನೆಗೆ ಬಾರದೆಂದೂ, ಎಂಥಾಲ್ಪಿ ಬದಲಾಗದೆಂದೂ ಒಪ್ಪಿಕೊಂಡರೆ ಕ್ಲೌಸಿಯಸ್‌ನ ಸಮೀಕರಣ ಈ ರೂಪಕ್ಕೆ ಬರುತ್ತದೆ:

log (p₂/p₁) = (L / 2.303 R) × (T₂ − T₁) / (T₁ T₂)

ಇಲ್ಲಿ L ಎಂಬುದು ಒಂದು ಮೋಲಿನ ಎಂಥಾಲ್ಪಿ; R ಎಂಬುದು ಅನಿಲ ಸ್ಥಿರಾಂಕ, 8.314 ಜೂಲ್, T₁ ಮತ್ತು T₂ ನಿರಪೇಕ್ಷ ಉಷ್ಣತೆಗಳು, p₁ ಮತ್ತು p₂ ಆಯಾ ಉಷ್ಣತೆಗಳಲ್ಲಿನ ಬಾಷ್ಪ ಒತ್ತಡಗಳು. ಒತ್ತಡಗಳು ಯಾವ ಮಾನದಲ್ಲಿದ್ದರೂ ಬಾಧಕವಿಲ್ಲ, ಎರಡೂ ಒಂದೇ ಮಾನದಲ್ಲಿದ್ದರೆ ಸಾಕು.

60 ಡಿಗ್ರಿಯಲ್ಲಿ ನೀರಿನ ಬಾಷ್ಪ ಒತ್ತಡವೆಷ್ಟು? ತಿಳಿದಿರುವ ಬಿಂದು 100 ಡಿಗ್ರಿ, 760 ಮಿಲಿಮೀಟರು. T₁ 373, T₂ 333. ಎಂಥಾಲ್ಪಿಯನ್ನು 2.303 R ಎಂಬ ಗುಣಲಬ್ಧದಿಂದ, ಎಂದರೆ 19.147ರಿಂದ, ಭಾಗಿಸಿದರೆ 2124. ಉಷ್ಣತೆಗಳ ವ್ಯತ್ಯಾಸ −40, ಗುಣಲಬ್ಧ 1,24,209, ಇವುಗಳ ಭಾಗಲಬ್ಧ −0.000322. ಇದನ್ನು 2124ರಿಂದ ಗುಣಿಸಿದರೆ −0.684. ಇದರ ಪ್ರತಿಲಾಗರಿದಮ್ 0.207. ಆದುದರಿಂದ ಒತ್ತಡವು 760ರ 0.207 ಪಾಲು, ಎಂದರೆ 157 ಮಿಲಿಮೀಟರು.

ವಿದ್ಯಾರ್ಥಿಗಳು ಎಡವುವುದು ಮುಖ್ಯವಾಗಿ ಒಂದು ಕಡೆ: 373, 333ರ ಬದಲು 100, 60 ಎಂದೇ ಬರೆದುಬಿಡುತ್ತಾರೆ. ಆಗ ಬರುವ ಉತ್ತರ ಒಂದು ಮಿಲಿಮೀಟರಿನ ಲಕ್ಷ ಕೋಟಿ ಭಾಗಗಳಲ್ಲಿ ಐದಾರು ಭಾಗ. ಬಿಸಿನೀರಿನ ಹಂಡೆಯಿಂದ ಹಬೆಯೇಳುವುದನ್ನು ಕಂಡಿರುವ ಹುಡುಗ ಇಂಥ ಉತ್ತರಕ್ಕೆ ಅಡಿಗೆರೆ ಎಳೆಯಬಾರದು.

ಇನ್ನು 157 ಎಂಬ ಉತ್ತರವನ್ನು ಪರೀಕ್ಷಿಸಬೇಕು. ಅಳೆದು ಸಿದ್ಧಪಡಿಸಿದ ಕೋಷ್ಟಕಗಳಲ್ಲಿ 60 ಡಿಗ್ರಿಗೆ ಇರುವ ಬೆಲೆ 149.4. ಲೆಕ್ಕವು ನೂರಕ್ಕೆ ಐದರಷ್ಟು ಹೆಚ್ಚು ತೋರಿಸಿದೆ. ಗುಣಾಕಾರದಲ್ಲಿ ತಪ್ಪಿಲ್ಲ, ಒಪ್ಪಿಕೊಂಡ ಮಾತುಗಳಲ್ಲಿ ಸಡಿಲವಿದೆ. ಎಂಥಾಲ್ಪಿ ಬದಲಾಗದೆಂಬುದು ನಿಜವಲ್ಲ. 100 ಡಿಗ್ರಿಯಲ್ಲಿ 40,660 ಜೂಲ್ ಇದ್ದದ್ದು 50 ಡಿಗ್ರಿಯಲ್ಲಿ ಸುಮಾರು 42,900 ಇರುತ್ತದೆ. ತಣ್ಣಗಿರುವ ನೀರಿನಲ್ಲಿ ಅಣುಗಳ ಪರಸ್ಪರ ಹಿಡಿತ ಬಿಗಿ. ಕಾದಂತೆ ಅದು ಸಡಿಲುತ್ತ ಹೋಗಿ 374 ಡಿಗ್ರಿಯ ಸಂಧಿಬಿಂದುವಿನಲ್ಲಿ ದ್ರವಕ್ಕೂ ಆವಿಗೂ ಭೇದವೇ ಅಳಿದು ಎಂಥಾಲ್ಪಿ ಸೊನ್ನೆಯಾಗುತ್ತದೆ. ಇದಲ್ಲದೆ ಆವಿಯೂ ಪೂರ್ಣ ಆದರ್ಶ ಅನಿಲವಲ್ಲ. 100 ಡಿಗ್ರಿಯಲ್ಲಿ ಅದರ ಗಾತ್ರ ಸೂತ್ರ ಹೇಳುವುದಕ್ಕಿಂತ ನೂರಕ್ಕೆ ಒಂದೂವರೆಯಷ್ಟು ಕಡಿಮೆ. ಈ ಎರಡು ಸಣ್ಣ ದೋಷಗಳು ಒಂದೇ ದಿಕ್ಕಿಗೆ ಸೇರಿಕೊಂಡಿವೆ.

ಪರಿಹಾರ ಸುಲಭ. ತಿಳಿದ ಬಿಂದುವನ್ನು ಹತ್ತಿರಕ್ಕೆ ತಂದುಕೊಳ್ಳಬೇಕು. 50 ಡಿಗ್ರಿಯಲ್ಲಿ ಬಾಷ್ಪ ಒತ್ತಡ 92.5 ಮಿಲಿಮೀಟರು. ಅಲ್ಲಿಂದ ಹೊರಟು, ಅಲ್ಲಿಯ ಎಂಥಾಲ್ಪಿಯಾದ 42,900ನ್ನೇ ಬಳಸಿದರೆ, 19.147ರಿಂದ ಭಾಗಿಸಿದ ಬೆಲೆ 2241. ಹತ್ತು ಡಿಗ್ರಿಯ ಅಂತರವನ್ನು 323 ಮತ್ತು 333ರ ಗುಣಲಬ್ಧದಿಂದ ಭಾಗಿಸಿ ಇದರಿಂದ ಗುಣಿಸಿದರೆ 0.2083, ಪ್ರತಿಲಾಗರಿದಮ್ 1.616. ಒತ್ತಡ 149.4 ಮಿಲಿಮೀಟರು. ಕೋಷ್ಟಕದ ಬೆಲೆಯೇ ಬಂದಿತು. ಸೂತ್ರವು ದೂರದ ಪ್ರಯಾಣಕ್ಕೆ ಅಷ್ಟಾಗಿ ಒದಗದು, ಹತ್ತಿರದ ಓಡಾಟಕ್ಕೆ ಬಹಳ ನಂಬಿಗಸ್ತ.

ಪ್ಯಾನಿನ ಮುಂದೆ ನಿಂತವನಿಗೆ ಬೇಕಾದದ್ದು ಇದರ ವಿಲೋಮ: ಒತ್ತಡ ತಿಳಿದಿದೆ, ಕುದಿಬಿಂದು ಬೇಕು. ಪ್ಯಾನಿನೊಳಗೆ 100 ಮಿಲಿಮೀಟರು ಒತ್ತಡ ಉಳಿದಿದೆಯೆನ್ನೋಣ. 760ನ್ನು 100ರಿಂದ ಭಾಗಿಸಿದರೆ 7.6, ಅದರ ಲಾಗರಿದಮ್ 0.8808, ಅದನ್ನು 2124ರಿಂದ ಭಾಗಿಸಿದರೆ 0.000415. 373ರ ವಿಲೋಮವಾದ 0.002681ಕ್ಕೆ ಇದನ್ನು ಕೂಡಿಸಿ, ಮೊತ್ತದ ವಿಲೋಮ ತೆಗೆದರೆ 323 ಬರುತ್ತದೆ. ಎಂದರೆ 50 ಡಿಗ್ರಿ ಸೆಲ್ಸಿಯಸ್. ಕೋಷ್ಟಕದ ಬೆಲೆ 51.6. ಮೊದಲಿನ ದೋಷವೇ ಇಲ್ಲಿಯೂ ಇದೆ, ಆದರೆ ಒತ್ತಡದಲ್ಲಿ ನೂರಕ್ಕೆ ಐದರಷ್ಟಾಗಿ ಕಾಣುವ ತಪ್ಪು ಉಷ್ಣತೆಯಲ್ಲಿ ಕೇವಲ ಒಂದೂವರೆ ಡಿಗ್ರಿಯಾಗಿ ಕುಗ್ಗಿದೆ. ಕುದಿಬಿಂದುವನ್ನು ಹುಡುಕುವವನಿಗೆ ಸೂತ್ರ ಉದಾರಿ. ಒತ್ತಡವನ್ನು ಹುಡುಕುವವನಿಗೆ ಕಟ್ಟುನಿಟ್ಟು.

ಇದು ಶುದ್ಧ ನೀರಿನ ಮಾತು. ಪ್ಯಾನಿನಲ್ಲಿರುವುದು ಹರಳು ಮತ್ತು ಪಾಕ ಕಲೆತ ದಪ್ಪ ರಾಶಿ. ಆವಿಯಾಗದ ಸಕ್ಕರೆಯ ಅಣುಗಳು ನೀರಿನ ಬಾಷ್ಪ ಒತ್ತಡವನ್ನು ತಗ್ಗಿಸುವುದರಿಂದ ಆ ರಾಶಿ ಶುದ್ಧ ನೀರಿಗಿಂತ ಹತ್ತಕ್ಕೂ ಹೆಚ್ಚು ಡಿಗ್ರಿ ಮೇಲೆ ಕುದಿಯುತ್ತದೆ. ಹಾಗಿದ್ದರೂ 65 ಡಿಗ್ರಿಯ ಸುತ್ತಮುತ್ತ ಕೆಲಸ ಸಾಗುತ್ತದೆ. ಆಲೆಮನೆಯ ಕೊಪ್ಪರಿಗೆಗಿಂತ ಐವತ್ತು ಡಿಗ್ರಿ ಕೆಳಗೆ.

ಈ ಲೆಕ್ಕಗಳಿಂದ ಹೊಮ್ಮುವ ಒಂದು ಸಂಗತಿ ಪಠ್ಯಪುಸ್ತಕಗಳಲ್ಲಿ ಅಪರೂಪಕ್ಕೆ ಸಿಗುತ್ತದೆ, ಕಾರ್ಖಾನೆಯಲ್ಲಿ ದಿನನಿತ್ಯ ಎದುರಾಗುತ್ತದೆ. 100 ಡಿಗ್ರಿಯ ಹತ್ತಿರ ಉಷ್ಣತೆಯಲ್ಲಿ ಒಂದು ಡಿಗ್ರಿಯ ವ್ಯತ್ಯಾಸವಾಗಬೇಕಾದರೆ ಒತ್ತಡ 27 ಮಿಲಿಮೀಟರು ಬದಲಾಗಬೇಕು. 50 ಡಿಗ್ರಿಯ ಹತ್ತಿರ ಅದಕ್ಕೆ ಐದು ಮಿಲಿಮೀಟರು ಸಾಕು. ನಿರ್ವಾತ ಹೆಚ್ಚಿದಷ್ಟೂ ಪ್ರತಿ ಮಿಲಿಮೀಟರಿನ ಬೆಲೆ ಏರುತ್ತದೆ. ತೆರೆದ ಕೊಪ್ಪರಿಗೆಯಲ್ಲಿ ಯಾರೂ ಲಕ್ಷಿಸದ ಅಲ್ಪ ಒತ್ತಡಗಳು ಪ್ಯಾನಿನೊಳಗೆ ದೊಡ್ಡ ಸಂಗತಿಗಳಾಗುತ್ತವೆ.

ಮೊದಲನೆಯದು ಮಾಪಕದ ಓದು. ಪ್ಯಾನಿಗೆ ಜೋಡಿಸಿದ ಸಾಮಾನ್ಯ ನಿರ್ವಾತ ಮಾಪಕವು ಒಳಗೆ ಎಷ್ಟು ಒತ್ತಡ ಉಳಿದಿದೆಯೆಂದು ಹೇಳುವುದಿಲ್ಲ. ಹೊರಗಿನ ಗಾಳಿಗಿಂತ ಎಷ್ಟು ಕಡಿಮೆಯಾಗಿದೆಯೆಂದು ಹೇಳುತ್ತದೆ. ಸೂತ್ರಕ್ಕೆ ಬೇಕಾದದ್ದು ಉಳಿದ ಒತ್ತಡ. ಆದುದರಿಂದ ಊರಿನ ವಾಯುಭಾರ ತಿಳಿಯದೆ ಮಾಪಕದ ಓದಿಗೆ ಅರ್ಥವಿಲ್ಲ. ಕಡಲತೀರದಲ್ಲಿ ವಾಯುಭಾರ 760 ಮಿಲಿಮೀಟರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಗೊಂಡ ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರು ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ವಾಯುಭಾರ ಸುಮಾರು 700. ಮಾಪಕದ ಮುಳ್ಳು ಎರಡೂ ಕಡೆ 600ರಲ್ಲಿ ನಿಂತಿದೆಯೆಂದುಕೊಳ್ಳೋಣ. ಮಂಡ್ಯದಲ್ಲಿ ಒಳಗೆ ಉಳಿದದ್ದು 100 ಮಿಲಿಮೀಟರು, ನೀರು 51.6 ಡಿಗ್ರಿಯಲ್ಲಿ ಕುದಿಯುತ್ತದೆ. ಕರಾವಳಿಯಲ್ಲಿ ಉಳಿದದ್ದು 160, ನೀರು 61.5 ಡಿಗ್ರಿಯಲ್ಲಿ ಕುದಿಯುತ್ತದೆ. ಮುಳ್ಳು ಒಂದೇ, ಕಾವಿನಲ್ಲಿ ಹತ್ತು ಡಿಗ್ರಿಯ ಅಂತರ. ಹುಳಿ ಸಮನಾಗಿದ್ದರೆ ಸಕ್ಕರೆ ಒಡೆಯುವ ವೇಗದಲ್ಲಿ ಸುಮಾರು ಮೂರು ಪಟ್ಟಿನ ಅಂತರ.

ತಪ್ಪು ಮತ್ತೊಂದು ದಿಕ್ಕಿನಿಂದಲೂ ಬರಬಹುದು. ಕಡಲತೀರದ ಊರಿಗೆಂದು ಬರೆದ ಕೈಪಿಡಿಯಲ್ಲಿ ‘ನಿರ್ವಾತ 660 ಮಿಲಿಮೀಟರು’ ಎಂದಿದ್ದರೆ ಅದರ ಅರ್ಥ ಉಳಿದ ಒತ್ತಡ 100. ಅದೇ ಅಂಕಿಯನ್ನು ಮಂಡ್ಯದ ಎತ್ತರದಲ್ಲಿ ಸಾಧಿಸಹೊರಟರೆ ಉಳಿಸಬೇಕಾದದ್ದು 40 ಮಾತ್ರ. ಆ ಒತ್ತಡದಲ್ಲಿ ನೀರಿನ ಕುದಿಬಿಂದು 34 ಡಿಗ್ರಿ. ಬೇಸಗೆಯಲ್ಲಿ 30 ಡಿಗ್ರಿಯ ನೀರನ್ನು ಕಂಡೆನ್ಸರಿಗೆ ಬಿಟ್ಟರೆ, ಆವಿಯ ಶಾಖವನ್ನು ಹೀರಿ ಹೊರಬರುವಾಗ ಅದು ಸಾಮಾನ್ಯವಾಗಿ 40 ಡಿಗ್ರಿ ಮೀರಿರುತ್ತದೆ. 40 ಡಿಗ್ರಿಯ ನೀರೇ 55 ಮಿಲಿಮೀಟರು ಬಾಷ್ಪ ಒತ್ತಡ ಕೊಡುತ್ತಿರುವಾಗ ಅದಕ್ಕಿಂತ ಕೆಳಗಿಳಿಯುವುದು ಯಾವ ಪಂಪಿಗೂ ಸಾಧ್ಯವಿಲ್ಲ. ಇಂಥ ಸಂದರ್ಭದಲ್ಲಿ ಚೆನ್ನಾಗಿರುವ ಪಂಪನ್ನು ಬಿಚ್ಚಿಹಾಕಿ ದಿನಗಟ್ಟಲೆ ಕಾಲ ಕಳೆಯುವುದುಂಟು. ಅಪರಾಧ ಪಂಪಿನದಲ್ಲ, ಕಳೆಯುವ ಲೆಕ್ಕದ್ದು.

ಎರಡನೆಯದು ಆಳ. ಮೇಲೆ ಹೇಳಿದ ಕುದಿಬಿಂದು ರಾಶಿಯ ಮೇಲ್ಮೈಗೆ ಸಂಬಂಧಿಸಿದ್ದು. ಒಂದು ಮೀಟರು ಕೆಳಗೆ ಹೋದರೆ ಮೇಲಿನ ರಾಶಿಯ ಭಾರವೂ ಸೇರಿಕೊಳ್ಳುತ್ತದೆ. ರಾಶಿ ನೀರಿಗಿಂತ 1.4 ಪಟ್ಟು ತೂಕದ್ದೆಂದು ಇಟ್ಟುಕೊಂಡರೆ, ಒಂದು ಮೀಟರಿನ ಭಾರವು ಪಾದರಸದ 103 ಮಿಲಿಮೀಟರಿಗೆ ಸಮ. ತೆರೆದ ಪಾತ್ರೆಯಲ್ಲಿ 760ಕ್ಕೆ ಇಷ್ಟು ಸೇರಿದರೆ ಕುದಿಬಿಂದು ನಾಲ್ಕು ಡಿಗ್ರಿಯೂ ಏರುವುದಿಲ್ಲ. ಪ್ಯಾನಿನಲ್ಲಿ 100 ಇದ್ದದ್ದು 203 ಆಗಿಬಿಡುತ್ತದೆ, ಎಂದರೆ ಇಮ್ಮಡಿ. ಹತ್ತಿರದ ಬಿಂದುವಿನಿಂದ ಹೊರಡುವ ಕ್ರಮವನ್ನೇ ಅನುಸರಿಸಿದರೆ, 2.03ರ ಲಾಗರಿದಮ್ 0.3075, ಅದನ್ನು 2241ರಿಂದ ಭಾಗಿಸಿ, 324.6ರ ವಿಲೋಮದಿಂದ ಕಳೆದು, ಮತ್ತೆ ವಿಲೋಮ ತೆಗೆದರೆ 339.7. ಅಲ್ಲಿಯ ಕುದಿಬಿಂದು ಸುಮಾರು 67 ಡಿಗ್ರಿ. ಸಕ್ಕರೆಯಿಂದಾಗುವ ಏರಿಕೆಯನ್ನು ಇನ್ನೂ ಕೂಡಿಸಿಲ್ಲ. ಒಂದೇ ಪಾತ್ರೆಯಲ್ಲಿ, ಒಂದು ಮೀಟರಿನ ಅಂತರದಲ್ಲಿ, ಕುದಿಬಿಂದು ಹದಿನೈದು ಡಿಗ್ರಿ ಬದಲಾಯಿತು.

ಇದರ ಪರಿಣಾಮ ಎರಡು ಬಗೆ. ತಳದ ರಾಶಿ ಕುದಿಯದೆಯೇ ಕಾಯುತ್ತ ಹೋಗುತ್ತದೆ. ಮೇಲೆ 65 ಡಿಗ್ರಿ ಎಂದು ತೃಪ್ತಿಪಟ್ಟವನಿಗೆ ಕೆಳಗೆ 80 ಇರುವುದು ತಿಳಿಯದು. ಅಷ್ಟು ಬಿಸಿಯ ಪಾಕದಲ್ಲಿ ಹೆಚ್ಚು ಸಕ್ಕರೆ ಕರಗಬಲ್ಲುದಾದ್ದರಿಂದ, ಮೇಲೆ ಬೆಳೆದ ಹರಳು ಕೆಳಗಿಳಿದಾಗ ಸವೆಯುತ್ತದೆ. ಕಾದ ರಾಶಿ ಮೇಲೇರಿ, ತಣಿದದ್ದು ಇಳಿದು, ಸುತ್ತಾಟ ಚುರುಕಾಗಿದ್ದರೆ ಹಾನಿ ಕಡಿಮೆ. ಆದುದರಿಂದಲೇ ಪ್ಯಾನ್ ಕಟ್ಟುವವರು ಅದನ್ನು ಬಾವಿಯಂತೆ ಆಳವಾಗಿಸದೆ ಅಗಲವಾಗಿಸುತ್ತಾರೆ. ಕಾಯಿಸುವ ಕೊಳವೆಗಳ ಮೇಲೆ ರಾಶಿಯ ಎತ್ತರ ಒಂದೂವರೆ ಮೀಟರಿನ ಆಸುಪಾಸನ್ನು ಮೀರದಂತೆ ನೋಡಿಕೊಳ್ಳುತ್ತಾರೆ. ಹೆಚ್ಚು ಉತ್ಪತ್ತಿಯ ಆಸೆಗೆ ಗುರುತು ಮೀರಿ ತುಂಬಿದ ಪ್ಯಾನಿನಲ್ಲಿ ಸಕ್ಕರೆಯ ಬಣ್ಣ ಮಾಸುವುದೂ ಹರಳಿನ ಗಾತ್ರ ಹೆಚ್ಚುಕಡಿಮೆಯಾಗುವುದೂ ಈ ಕಾರಣದಿಂದ. ಹಾಗೆಂದು ಒತ್ತಡವನ್ನು ಇನ್ನಷ್ಟು ಇಳಿಸುತ್ತ ಹೋಗುವುದೂ ಸಲ್ಲದು. ತೀರ ತಣ್ಣಗಾದ ಪಾಕ ಅಂಟಂಟಾಗಿ, ರಾಶಿ ಸುತ್ತಾಡುವುದನ್ನೇ ಬಿಟ್ಟು, ಹರಳು ಬೆಳೆಯುವುದು ನಿಧಾನವಾಗುತ್ತದೆ.

ಮೂರನೆಯದು ಕದ್ದು ನುಗ್ಗುವ ಗಾಳಿ. ಸೂತ್ರ ಬಲ್ಲುದು ನೀರಿನ ಆವಿಯ ಒತ್ತಡವನ್ನು ಮಾತ್ರ. ಮಾಪಕಕ್ಕೆ ಆವಿಯೂ ಗಾಳಿಯೂ ಒಂದೇ. ಎರಡರ ಮೊತ್ತವನ್ನು ಅದು ತೋರಿಸುತ್ತದೆ. ಈ ಭೇದವನ್ನೇ ಪರೀಕ್ಷೆಯಾಗಿ ಬಳಸಬಹುದು. ಉಳಿದ ಒತ್ತಡ 100 ಮಿಲಿಮೀಟರು, ಕಂಡೆನ್ಸರಿನಿಂದ ಹೊರಬೀಳುವ ನೀರಿನ ಉಷ್ಣತೆ 45 ಡಿಗ್ರಿ ಎನ್ನೋಣ. 45 ಡಿಗ್ರಿಯ ನೀರಿನ ಬಾಷ್ಪ ಒತ್ತಡ 72 ಮಿಲಿಮೀಟರು. ಉಳಿದ 28 ಮಿಲಿಮೀಟರಿಗೆ ಎರಡೇ ಕಾರಣಗಳು: ಆವಿಯೂ ನೀರೂ ಸರಿಯಾಗಿ ಬೆರೆಯುತ್ತಿಲ್ಲ, ಇಲ್ಲವೇ ಪಂಪು ಎಳೆಯುವುದಕ್ಕಿಂತ ಹೆಚ್ಚು ಗಾಳಿ ಸೇರುತ್ತಿದೆ. ಇದಕ್ಕೆ ಬದಲಾಗಿ ಹೊರಬೀಳುವ ನೀರೇ 51 ಡಿಗ್ರಿಯಿದ್ದರೆ ಗಾಳಿಯ ಮೇಲೆ ಸಂಶಯ ಬೇಡ. ತಣ್ಣೀರು ಸಾಲದು, ಅದನ್ನು ಹೆಚ್ಚಿಸಬೇಕು. ಗಾಳಿಯೇ ಕಳ್ಳನೆಂದು ಕಂಡುಬಂದರೆ, ಕೆಲಸವಿಲ್ಲದ ಹೊತ್ತಿನಲ್ಲಿ ಖಾಲಿ ಪ್ಯಾನಿನ ಎಲ್ಲ ಕವಾಟಗಳನ್ನೂ ಮುಚ್ಚಿ, ಪಂಪಿನಿಂದ ನಿರ್ವಾತ ತಂದು, ಪಂಪನ್ನು ಬೇರ್ಪಡಿಸಿ ಮುಳ್ಳನ್ನು ನೋಡುತ್ತ ನಿಲ್ಲಬೇಕು. ಮುಳ್ಳು ಬೇಗಬೇಗ ಹಿಂದಿರುಗಿದರೆ ಸೋರಿಕೆ ನಿಶ್ಚಯ. ಆಗ ಉರಿಯುವ ಮೇಣದ ಬತ್ತಿಯನ್ನು ಕೀಲುಗಳ, ನೋಡುಗಾಜುಗಳ, ಕವಾಟದ ಕತ್ತುಗಳ ಬಳಿ ಮೆಲ್ಲಗೆ ಹಿಡಿದು ಸಾಗಿದರೆ, ಜ್ವಾಲೆ ಒಳಮುಖವಾಗಿ ಬಾಗಿದೆಡೆಯಲ್ಲಿ ಬಿರುಕು ಇರುತ್ತದೆ.